ಪುಟ ತಿರುಗಿಸುವಷ್ಟರಲ್ಲಿ ಪಟ್ಟಿ ಬದಲಾದರೆ

ಆರ್ಡರ್‌ಗಳ ಪಟ್ಟಿಯಲ್ಲಿ ಕೆಳಕ್ಕೆ ಸರಿಯುತ್ತಾ ಹೋದಾಗ ಒಂದೇ ಆರ್ಡರ್ ಎರಡು ಸಲ ಕಂಡರೆ ಬಳಕೆದಾರರಿಗೆ ಕಿರಿಕಿರಿಯಾಗುತ್ತದೆ, ದೂರು ಬರುತ್ತದೆ. ಒಂದು ಆರ್ಡರ್ ಕಾಣದೇ ಹೋದರೆ ದೂರೂ ಬರುವುದಿಲ್ಲ. ಅದೇ ಪಟ್ಟಿಯನ್ನು ಎಪಿಐ ಮೂಲಕ ಲೆಕ್ಕ ತಾಳೆ ನೋಡುವ ಪ್ರೋಗ್ರಾಂ ಓದುತ್ತಿದ್ದರೆ ನಷ್ಟ ತಿಂಗಳ ಕೊನೆಗೆ ಗೊತ್ತಾಗುತ್ತದೆ, ಆಗ ಕಾರಣ ಹುಡುಕುವುದು ಬಲು ಕಷ್ಟ.

ಡೇಟಾಬೇಸ್‌ಗಳಿಗೆ `LIMIT` ಮತ್ತು `OFFSET` ಬಂದವು, ವೆಬ್ ಪುಟಗಳು ಅವನ್ನೇ ನೆಚ್ಚಿಕೊಂಡವು, ಎಪಿಐಗಳು ಆ ರೂಢಿಯನ್ನು ಹಾಗೆಯೇ ಮುಂದುವರಿಸಿದವು. ಮನುಷ್ಯರು ಒಂದೆರಡು ಪುಟ ನೋಡಿ ನಿಲ್ಲಿಸುತ್ತಿದ್ದ ಕಾಲಕ್ಕೆ ಅದು ಸಾಕಿತ್ತು. ಯಂತ್ರಗಳು ಕೊನೆಯ ಪುಟದವರೆಗೂ ಓದತೊಡಗಿದ ಮೇಲೆ ತೊಡಕು ಎದ್ದು ಕಂಡಿತು.

ಹತ್ತು ದಾಖಲೆಗಳಿವೆ ಎನ್ನೋಣ. ಹೊಸದು ಮೊದಲು, ಪುಟಕ್ಕೆ ನಾಲ್ಕು. ಮೊದಲ ಪುಟದಲ್ಲಿ 10, 9, 8, 7 ಬಂದವು. ಎರಡನೆಯದನ್ನು ಕೇಳುವ ಮುನ್ನ 11ನೇ ದಾಖಲೆ ಸೇರಿತು. ಈಗ `OFFSET 4` ಎಂದರೆ 11, 10, 9, 8ನ್ನು ದಾಟಿ 7, 6, 5, 4 ಬರುತ್ತವೆ: 7 ಎರಡು ಸಲ. 11 ಸೇರುವ ಬದಲು 9 ಅಳಿದಿದ್ದರೆ 10, 8, 7, 6 ದಾಟಿಹೋಗುತ್ತವೆ. ಎರಡನೇ ಪುಟ 5ರಿಂದ ಶುರುವಾಗುತ್ತದೆ, 6 ಯಾರಿಗೂ ಸಿಗುವುದಿಲ್ಲ.

ಪರೀಕ್ಷೆಗಳು ಎಡವುವುದು ಇಲ್ಲೇ. ಬಹಳಷ್ಟು ಕಡೆ ಬಂದ ಸಾಲುಗಳನ್ನು ಎಣಿಸಿ, ಒಟ್ಟು ಸಂಖ್ಯೆಗೆ ಹೋಲಿಸಿ ಬಿಡುತ್ತಾರೆ. 11 ಸೇರಿದ ಮೇಲಿನ ಉದಾಹರಣೆಯಲ್ಲಿ ಮೂರು ಪುಟಗಳಿಂದ ಬಂದ ಸಾಲುಗಳು ಹನ್ನೊಂದು, ಟೇಬಲ್ಲಿನಲ್ಲಿರುವುದೂ ಹನ್ನೊಂದು. ಎಣಿಕೆ ಸರಿ, ಪಟ್ಟಿ ತಪ್ಪು: 7 ಎರಡು ಸಲ ಬಂದಿದೆ, 11 ಬಂದೇ ಇಲ್ಲ. ಸೇರಿಸುವುದನ್ನೂ ಅಳಿಸುವುದನ್ನೂ ಒಂದೇ ಪರೀಕ್ಷೆಯಲ್ಲಿ ಮಾಡಿದರೆ ಎರಡೂ ಪರಸ್ಪರ ವಜಾ ಆಗಿ ಎರಡನೇ ಪುಟದಲ್ಲಿ 6, 5, 4, 3 ಸರಿಯಾಗಿಯೇ ಬರುತ್ತವೆ. ಹಾಗಾಗಿ ಅವೆರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ನೋಡಬೇಕಾದದ್ದು ಐಡಿಗಳನ್ನು, ಎಣಿಕೆಯನ್ನಲ್ಲ. ಮೊದಲ ಪುಟ ಕೇಳಿದಾಗಿನಿಂದ ಕೊನೆಯ ಪುಟ ಬರುವವರೆಗೆ ಬದಲಾಗದೆ ಇದ್ದ ಪ್ರತಿ ದಾಖಲೆಯೂ ಒಂದೇ ಒಂದು ಸಲ ಬಂದಿರಬೇಕು. ನಡುವೆ ಸೇರಿದ್ದು ಅಥವಾ ಅಳಿದದ್ದು ಬಂದರೂ ಸರಿ, ಬರದಿದ್ದರೂ ಸರಿ. ಎಪಿಐಯ ಕೈಪಿಡಿಗಳಲ್ಲಿ ಈ ಮಾತನ್ನು ಬರೆದಿಡುವುದು ಅಪರೂಪ. ಬರೆದಿದ್ದರೆ ಅರ್ಧ ವಾದಗಳು ಹುಟ್ಟುತ್ತಲೇ ಇರಲಿಲ್ಲ.

ಪರಿಹಾರ ಹಳೆಯದೇ: ಎಷ್ಟನೆಯದು ಎಂದು ಎಣಿಸದೆ, ಕೊನೆಗೆ ಕಂಡ ದಾಖಲೆಯಿಂದ ಮುಂದಕ್ಕೆ ಓದುವುದು. ಟ್ವಿಟರ್ ತನ್ನ ಟೈಮ್‌ಲೈನ್‌ಗಳಿಗೆ `max_id` ಕೊಟ್ಟದ್ದು ಇದಕ್ಕಾಗಿಯೇ. ಅಲ್ಲೂ ಒಂದು ಸೂಕ್ಷ್ಮವಿತ್ತು: `max_id`ಗೆ ಸಮನಾದ ಟ್ವೀಟ್ ಕೂಡ ಬರುತ್ತಿದ್ದುದರಿಂದ, ಕಂಡ ಅತಿ ಚಿಕ್ಕ ಐಡಿಯಿಂದ ಒಂದನ್ನು ಕಳೆದು ಕೇಳಬೇಕಿತ್ತು. ಮುಂದೆ ಇದೇ ವಿಧಾನ ಕರ್ಸರ್ ಎಂಬ ಹೆಸರಿನಲ್ಲಿ ಎಲ್ಲೆಡೆ ಹಬ್ಬಿತು.

ಕರ್ಸರ್ ಬಂದೊಡನೆ ಸಮಸ್ಯೆ ಮುಗಿಯಿತೆಂದು ತಂಡಗಳು ಪರೀಕ್ಷೆ ಕೈಬಿಡುವುದುಂಟು. ಆದರೆ 7 ಮತ್ತು 6ರ `created_at` ಒಂದೇ ಆಗಿದ್ದು, ಪುಟ 7ಕ್ಕೆ ಮುಗಿದಿದ್ದರೆ? ಆ ಸಮಯಕ್ಕಿಂತ ಚಿಕ್ಕದ್ದನ್ನು ಮಾತ್ರ ಕೇಳಿದರೆ 6 ತಪ್ಪುತ್ತದೆ. ಸಮನಾದದ್ದನ್ನೂ ಕೇಳಿದರೆ 7 ಮರಳಿ ಬರುತ್ತದೆ. ಐಡಿಯನ್ನೂ ಜೊತೆಗೆ ಹೋಲಿಸಬೇಕು:

```sql
WHERE (created_at, id) < (:t, :id)
ORDER BY created_at DESC, id DESC
LIMIT 4
```

ಈ ತಪ್ಪನ್ನು ಬೇಕೆಂದೇ ಹುಟ್ಟಿಸುವುದು ಸುಲಭ. ಪೋಸ್ಟ್‌ಗ್ರೆಸ್‌ನಲ್ಲಿ `now()` ಕೊಡುವುದು ಟ್ರಾನ್ಸಾಕ್ಷನ್ ಆರಂಭವಾದ ಸಮಯವನ್ನು. ಎಲ್ಲ ಸಾಲುಗಳನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಸೇರಿಸಿದರೆ ಎಲ್ಲಕ್ಕೂ ಒಂದೇ ಸಮಯ ಬೀಳುತ್ತದೆ. ಇನ್ನೊಂದು ಕಡೆಯೂ ಕಣ್ಣಿಡಬೇಕು: ಪೋಸ್ಟ್‌ಗ್ರೆಸ್ ಮೈಕ್ರೋಸೆಕೆಂಡ್‌ವರೆಗೆ ಸಮಯ ಇಡುತ್ತದೆ, ಜಾವಾಸ್ಕ್ರಿಪ್ಟ್‌ನ `Date` ಮಿಲಿಸೆಕೆಂಡ್‌ಗೆ ನಿಲ್ಲುತ್ತದೆ. ಕರ್ಸರ್ `.123456` ಇದ್ದದ್ದು `.123` ಆಗಿ ಮರಳಿದರೆ, `.123200`ರ ದಾಖಲೆ ನಡುವಿನಲ್ಲಿ ಕಳೆದುಹೋಗುತ್ತದೆ. ಐಡಿ ಜೋಡಿಸಿದ್ದರೂ ಅದು ಉಳಿಯುವುದಿಲ್ಲ.

ಕರ್ಸರ್‌ಗೆ ನಿಲುಕದ ಒಂದು ಸಂಗತಿ ಉಳಿದಿದೆ. ಪಟ್ಟಿಯನ್ನು `updated_at` ಮೇಲೆ ಜೋಡಿಸಿದ್ದರೆ ಓದುತ್ತಿರುವಾಗಲೇ ದಾಖಲೆ ಜಾಗ ಬದಲಿಸುತ್ತದೆ. ಹೊಸದು ಮೊದಲು ಎಂಬ ಕ್ರಮದಲ್ಲಿ, ಇನ್ನೂ ಓದದ 3ನ್ನು ಯಾರಾದರೂ ತಿದ್ದಿದರೆ ಅದು ಓದಿ ಮುಗಿದ ಮೇಲ್ಭಾಗಕ್ಕೆ ಹಾರುತ್ತದೆ, ಕೈಗೆ ಸಿಗುವುದಿಲ್ಲ. ಹಳೆಯದು ಮೊದಲು ಎಂದಾದರೆ ತಿದ್ದಿದ್ದು ಪಟ್ಟಿಯ ಕೊನೆಗೆ ಹೋಗಿ ಬಹುಶಃ ಎರಡನೇ ಸಲ ಬರುತ್ತದೆ. ಮರುಕಳಿಸಿದ್ದನ್ನು ಐಡಿ ನೋಡಿ ತೆಗೆಯಬಹುದು, ತಪ್ಪಿದ್ದನ್ನು ತರಲಾಗದು. ಡೇಟಾ ನಕಲು ಮಾಡುವ ಪ್ರೋಗ್ರಾಂಗಳಿಗೆ ಎರಡನೇ ಕ್ರಮವೇ ಸರಿ.

ಕುಬರ್ನೆಟಿಸ್ ಬೇರೆ ದಾರಿ ಹಿಡಿಯಿತು. ಅಲ್ಲಿ `continue` ಟೋಕನ್ ಮೊದಲ ಪುಟದ ಹೊತ್ತಿನ ಸ್ಥಿತಿಗೇ ಅಂಟಿಕೊಂಡಿರುತ್ತದೆ, ಆಮೇಲೆ ಆದ ಬದಲಾವಣೆ ಮುಂದಿನ ಪುಟಗಳಲ್ಲಿ ಕಾಣುವುದಿಲ್ಲ. ಆದರೆ ಹಳೆಯ ಸ್ಥಿತಿಯನ್ನು ಕೆಲವೇ ನಿಮಿಷ ಇಟ್ಟುಕೊಳ್ಳುವುದರಿಂದ ನಿಧಾನವಾಗಿ ಓದುವವರಿಗೆ `410 Gone` ಸಿಗುತ್ತದೆ. ಅಲ್ಲಿ ಪರೀಕ್ಷಿಸಬೇಕಾದದ್ದು ಇದನ್ನೇ: ಟೋಕನ್ ಅವಧಿ ಮೀರುವಂತೆ ಮಾಡಿ, ಕ್ಲೈಂಟ್ ಮೊದಲಿನಿಂದ ಓದುತ್ತದೆಯೋ ಅಥವಾ ಅರ್ಧ ಪಟ್ಟಿಯನ್ನೇ ಪೂರ್ತಿ ಎಂದುಕೊಂಡು ಮುಂದುವರಿಯುತ್ತದೆಯೋ ನೋಡುವುದು.