ಟಾಪ್-ಅಪ್ ಇದ್ದರೂ ಕೈಯಿಂದ ಹೋಗುವ ಹಣ

‘ಮೂರು ಲಕ್ಷದ ಆರೋಗ್ಯ ವಿಮೆ ಪಾಲಿಸಿ ಇದೆ, ಆಸ್ಪತ್ರೆಯ ಬಿಲ್ಲು ಎರಡೂಕಾಲು ಲಕ್ಷವನ್ನೂ ಮುಟ್ಟಿಲ್ಲ. ಮುಕ್ಕಾಲು ಲಕ್ಷ ನಾನೇಕೆ ಕಟ್ಟಬೇಕು?’ ಕ್ಲೇಮ್ ವಿಷಯಕ್ಕೆ ಸಲಹೆ ಕೇಳಿ ಬರುವವರಲ್ಲಿ ಹಲವರ ಪ್ರಶ್ನೆ ಇಂಥದ್ದೇ. ಉತ್ತರ ಸಾಮಾನ್ಯವಾಗಿ ರೂಮ್ ಬಾಡಿಗೆಯ ಷರತ್ತಿನಲ್ಲಿ ಸಿಗುತ್ತದೆ.

ಹಲವು ಹಳೆಯ ಪಾಲಿಸಿಗಳಲ್ಲಿ ದಿನದ ಬಾಡಿಗೆಗೆ ವಿಮಾ ಮೊತ್ತದ ಶೇ 1ರ ಮಿತಿ ಇರುತ್ತದೆ. ಮೂರು ಲಕ್ಷಕ್ಕೆ ಅದು 3,000 ರೂಪಾಯಿ. ರೋಗಿ 6,000 ರೂಪಾಯಿಯ ರೂಮಿನಲ್ಲಿ ಐದು ದಿನ ಇದ್ದರೆಂದುಕೊಳ್ಳಿ. ಬಾಡಿಗೆ 30,000, ವೈದ್ಯರು, ಶಸ್ತ್ರಚಿಕಿತ್ಸಾ ಕೊಠಡಿ ಮತ್ತು ಶುಶ್ರೂಷೆಗೆ 1,20,000, ಔಷಧ ಹಾಗೂ ಪರೀಕ್ಷೆಗಳಿಗೆ 70,000. ಒಟ್ಟು 2,20,000. ಬಾಡಿಗೆಯ ವ್ಯತ್ಯಾಸ 15,000 ತಾನೇ, ಕೊಟ್ಟರಾಯಿತು ಎಂದು ಮನೆಯವರು ಲೆಕ್ಕ ಹಾಕುತ್ತಾರೆ. ಆದರೆ ಅನೇಕ ಆಸ್ಪತ್ರೆಗಳಲ್ಲಿ ರೂಮಿನ ದರ್ಜೆ ಏರಿದಂತೆ ವೈದ್ಯರು, ಶಸ್ತ್ರಚಿಕಿತ್ಸಾ ಕೊಠಡಿ, ಶುಶ್ರೂಷೆಯ ಶುಲ್ಕವೂ ಏರುವುದರಿಂದ, ಕಂಪನಿ ಅದನ್ನೂ ಬಾಡಿಗೆಯಷ್ಟೇ ಅನುಪಾತದಲ್ಲಿ ಕಡಿತ ಮಾಡುತ್ತದೆ. ಹೀಗೆ 1,20,000ದಲ್ಲಿ ಅರ್ಧ ಹೋಗುತ್ತದೆ. ಔಷಧ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಕಡಿತ ಹಾಕುವಂತಿಲ್ಲ. ರೂಮ್ ಯಾವುದಾದರೂ ಒಂದೇ ದರ ಪಡೆಯುವ ಆಸ್ಪತ್ರೆಯಲ್ಲೂ ಹಾಕುವಂತಿಲ್ಲ. ಕೊನೆಗೆ ಬರುವುದು 1,45,000. ಉಳಿದ 75,000 ರೋಗಿಯ ತಲೆಯ ಮೇಲೆ.

ಮೂಲ ಪಾಲಿಸಿಯ ಜೊತೆಗೆ ಕೊಳ್ಳುವ ಹೆಚ್ಚುವರಿ ಪಾಲಿಸಿಯೇ ಟಾಪ್-ಅಪ್. ಮೂರು ಲಕ್ಷದ ಡಿಡಕ್ಟಿಬಲ್ ಇರುವ ಟಾಪ್-ಅಪ್ ಇದ್ದರೂ ಈ ಹಣ ಸಿಗುವುದಿಲ್ಲ. ಖರ್ಚು ಮೂರು ಲಕ್ಷ ದಾಟಿದ ಮೇಲಷ್ಟೇ ಅದರ ಕೆಲಸ ಶುರು. ಅದಕ್ಕಿಂತ ಕೆಳಗೆ ಮೂಲ ಪಾಲಿಸಿ ಬಿಟ್ಟ ಕೊರತೆಯನ್ನು ಅದು ತುಂಬುವುದಿಲ್ಲ. ಆದ್ದರಿಂದ ಟಾಪ್-ಅಪ್ ಕೊಳ್ಳುವ ಮೊದಲು ಮೂಲ ಪಾಲಿಸಿಯ ಬಾಡಿಗೆ ಮಿತಿಯನ್ನು ತೆಗೆಸಲು ಸಾಧ್ಯವೇ ನೋಡಿ ಎಂದು ನಾನು ಒತ್ತಿ ಹೇಳುತ್ತೇನೆ. ಸ್ವಲ್ಪ ಹೆಚ್ಚು ಪ್ರೀಮಿಯಂ ಆದರೂ ಸರಿ.

ಟಾಪ್-ಅಪ್ ಬೇಕೇ ಬೇಕೆಂದರೆ ಸೂಪರ್ ಟಾಪ್-ಅಪ್ ಆರಿಸಿಕೊಳ್ಳಿ. ಒಂದೇ ವರ್ಷದಲ್ಲಿ ಎರಡೂವರೆ ಲಕ್ಷದ ಎರಡು ಬಿಲ್ಲು ಬಂದರೆ, ಸಾಮಾನ್ಯ ಟಾಪ್-ಅಪ್ ಪ್ರತಿ ಬಿಲ್ಲನ್ನೂ ಬೇರೆಯಾಗಿ ನೋಡಿ ಏನೂ ಕೊಡುವುದಿಲ್ಲ. ಸೂಪರ್ ಟಾಪ್-ಅಪ್ ಎರಡನ್ನೂ ಕೂಡಿಸಿ, ಮೂರು ಲಕ್ಷದ ಮೇಲಿನ ಎರಡು ಲಕ್ಷವನ್ನು ಕೊಡುತ್ತದೆ.

ಪಾಲಿಸಿ ಕೊಂಡ ಮೇಲೂ ಕೆಲವು ಕಾಯಿಲೆಗಳಿಗೆ ಕ್ಲೇಮ್ ಸಿಗದ ಕಾಯುವ ಅವಧಿ ಹೊಸ ಪಾಲಿಸಿಗೆ ಹೊಸದಾಗಿಯೇ ಆರಂಭವಾಗುತ್ತದೆ. ಮೂಲ ಪಾಲಿಸಿಯಲ್ಲಿ ಮಧುಮೇಹದ ಅವಧಿ ಮುಗಿದಿದ್ದರೂ, ಇಂದು ಕೊಂಡ ಟಾಪ್-ಅಪ್‌ನಲ್ಲಿ ಅದಕ್ಕೆ ಮತ್ತೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. 2024ರ ನಿಯಮದಂತೆ ಅದೇ ಗರಿಷ್ಠ. ಮೊದಲ 30 ದಿನ ಅಪಘಾತ ಬಿಟ್ಟು ಉಳಿದವುಗಳಿಗೆ ರಕ್ಷಣೆ ಇಲ್ಲ. ಮಂಡಿ ಬದಲಾವಣೆ, ಕಣ್ಣಿನ ಪೊರೆಯಂಥವಕ್ಕೂ ಬಹಳಷ್ಟು ಪಾಲಿಸಿಗಳಲ್ಲಿ ಪ್ರತ್ಯೇಕ ಅವಧಿ ಇದೆ. ಹಾಗಾಗಿ ವೈದ್ಯರು ಶಸ್ತ್ರಚಿಕಿತ್ಸೆಯ ಮಾತೆತ್ತಿದ ಮೇಲೆ ಕೊಂಡ ಟಾಪ್-ಅಪ್ ಆ ಚಿಕಿತ್ಸೆಗೆ ನೆರವಾಗುವುದಿಲ್ಲ.

ಬಾಡಿಗೆ ಮಿತಿ, ಡಿಡಕ್ಟಿಬಲ್, ಕಾಯುವ ಅವಧಿ, ಈ ಮೂರೂ ಷರತ್ತುಗಳು ಪಾಲಿಸಿಯ ಗ್ರಾಹಕ ಮಾಹಿತಿ ಪತ್ರದಲ್ಲಿ ಇರುತ್ತವೆ. ಕೇಳಿದರೆ ಕಂಪನಿ ಅದನ್ನು ಕನ್ನಡದಲ್ಲೂ ಕೊಡಬೇಕು. ಹಣ ಕಟ್ಟುವ ಮುನ್ನ ಅದನ್ನು ತರಿಸಿಕೊಂಡು, ನಿಮ್ಮೂರಿನ ಆಸ್ಪತ್ರೆಯ ರೂಮ್ ದರದ ಪಕ್ಕದಲ್ಲಿಟ್ಟು ನೋಡಿ.