ಹಾದಿ ತಪ್ಪಿದ ಮಗನೂ ಕ್ರಿಪ್ಟಿಕ್ ಪದಬಂಧವೂ

ಸೇಡಂ ಕಡೆಯ ಓದುಗರೊಬ್ಬರ ಪ್ರಶ್ನೆ: "ಸಾದಾ ಪದಬಂಧ ಆರಾಮ ಬಿಡಿಸುತ್ತೇನೆ. ಕ್ರಿಪ್ಟಿಕ್ ಹಿಡಿದರೆ ಒಂದು ಸಾಲಿಗೂ ತಲೆ ಬುಡ ತಿಳಿಯುವುದಿಲ್ಲ. ಸುಳಿವಿನಲ್ಲಿ ಅರ್ಥ ಯಾವುದು, ಆಟ ಯಾವುದು ಅಂತ ಗುರುತಿಸುವುದು ಹೇಗೆ?"

ನನಗೂ ಬಹಳ ದಿನ ಇದೇ ಗೋಳು. ನಮ್ಮ ಮಾವ ಒಮ್ಮೆ ಚಹಾ ಕುಡಿಯುತ್ತಾ ಪೇಪರಿನ ಅಂಚಿನಲ್ಲಿ ಒಂದು ಸುಳಿವು ಬರೆದು ನನ್ನ ಕಡೆ ತಳ್ಳಿದರು.

ಹಾದಿ ತಪ್ಪಿದ ಮಗನ ಲಕ್ಷ್ಯ (3)

ನಾನು ಅರ್ಧ ಗಂಟೆ ಆ ಮಗನ ಹಿಂದೆಯೇ ಹೋದೆ. ಯಾಕೆ ಹಾದಿ ತಪ್ಪಿದ, ಕುಡಿತವೋ, ಇಸ್ಪೀಟೋ, ಅವನ ಲಕ್ಷ್ಯ ಎಲ್ಲಿರಬಹುದು... ಮಾವ ನಕ್ಕರು. "ಅಲ್ಲೋ ತಮ್ಮಾ, ಮಗನ ಚಿಂತಿ ಬಿಡು, ಅಕ್ಷರ ಎಣಿಸು."

ಅಷ್ಟೇ ವಿಷಯ. ಕ್ರಿಪ್ಟಿಕ್ ಸುಳಿವನ್ನು ವಾಕ್ಯ ಅಂತ ಓದಬಾರದು. ಅದರಲ್ಲಿ ಎರಡು ತುಂಡು ಇರುತ್ತವೆ. ಒಂದು ಉತ್ತರದ ನೇರ ಅರ್ಥ, ಇನ್ನೊಂದು ಅದೇ ಉತ್ತರವನ್ನು ಅಕ್ಷರಗಳಿಂದ ಕಟ್ಟುವ ಆಟ. ಅರ್ಥದ ತುಂಡು ಯಾವಾಗಲೂ ಸುಳಿವಿನ ಮೊದಲಲ್ಲಿ ಇಲ್ಲವೇ ಕೊನೆಯಲ್ಲಿ ಇರುತ್ತದೆ, ನಡುವೆ ಎಂದೂ ಇರುವುದಿಲ್ಲ. ಹಾಗಾಗಿ ಮೊದಲ ಕೆಲಸ ಎರಡೂ ತುದಿಯನ್ನು ಬೇರೆ ಬೇರೆ ಹಿಡಿದು ನೋಡುವುದು.

ಇಲ್ಲಿ ಕೊನೆಯ ಪದ "ಲಕ್ಷ್ಯ". ಅದೇ ಅರ್ಥ ಅಂದುಕೊಳ್ಳೋಣ. ಉಳಿದದ್ದು "ಹಾದಿ ತಪ್ಪಿದ ಮಗನ". ಬೇಕಾದದ್ದು ಮೂರು ಅಕ್ಷರ, "ಮಗನ" ಸರಿಯಾಗಿ ಮೂರು. ಪಕ್ಕದಲ್ಲೇ ನಿಂತಿರುವ "ಹಾದಿ ತಪ್ಪಿದ" ಅನ್ನುವುದು ಮಗನ ನಡತೆಯಲ್ಲ, ಅಕ್ಷರಗಳನ್ನು ಕಲಸು ಅನ್ನುವ ಸೂಚನೆ. ಕಲಸಿದರೆ ಗಮನ. ಗಮನ ಅಂದರೆ ಲಕ್ಷ್ಯ. ಮುಗಿಯಿತು! ಒಂದು ಪದವೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಉತ್ತರ ಸರಿಯೇ ಅಂತ ನೋಡಲು ಇದೇ ಪರೀಕ್ಷೆ: ಸುಳಿವಿನ ಪ್ರತಿ ಪದಕ್ಕೂ ಕೆಲಸ ಸಿಕ್ಕಿರಬೇಕು. ಒಂದು ಪದ ಸುಮ್ನೆ ಕೂತಿದೆ ಅನಿಸಿದರೆ ನಿಮ್ಮ ಉತ್ತರದ ಮೇಲೆ ಸಂಶಯಪಡಿ. ಈ ಶಿಸ್ತನ್ನು ಗಟ್ಟಿ ಮಾಡಿದವರು ಇಂಗ್ಲೆಂಡಿನ ಮ್ಯಾಕ್‌ನಟ್. 1939ರಿಂದ ಅವರು ಅಬ್ಸರ್ವರ್ ಪತ್ರಿಕೆಗೆ ಬೇರೆ ಹೆಸರಿನಲ್ಲಿ ಪದಬಂಧ ಕಟ್ಟುತ್ತಿದ್ದರು.

ಕಲಸುವ ಸೂಚನೆಗೆ ಇಂಥದ್ದೇ ಪದ ಅಂತ ಇಲ್ಲ. ಒಡೆದ, ಹುಚ್ಚು ಹಿಡಿದ, ಕುಡಿದ, ಚೆಲ್ಲಾಪಿಲ್ಲಿ, ಹೊಸದಾಗಿ ಕಟ್ಟಿದ — ಗೊಂದಲ ಅಥವಾ ಬದಲಾವಣೆ ಹೇಳುವ ಯಾವ ಮಾತೂ ನಡೆಯುತ್ತದೆ. ಆದರೆ ಅಂಥ ಪದ ಕಂಡ ತಕ್ಷಣ ಕಲಸಲು ಕೂಡಬೇಡಿ. ಪಕ್ಕದ ಅಕ್ಷರಗಳ ಲೆಕ್ಕ ಆವರಣದ ಸಂಖ್ಯೆಗೆ ಹೊಂದದಿದ್ದರೆ ಬೇರೆ ದಾರಿ ನೋಡಿ. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಮ್ಮಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ, ಗುಣಿತ ಒತ್ತು ಸಮೇತ. "ಮಗನು" ಅಂತಿದ್ದರೆ ಗಮನ ಬರುತ್ತಿರಲಿಲ್ಲ, ನು ಬಿಡಿಸಲು ಬರುವುದಿಲ್ಲ. ಇಂಗ್ಲಿಷ್‌ನಲ್ಲಿ ಕಲಸುವುದು ಸ್ಪೆಲಿಂಗನ್ನು, ಉಚ್ಚಾರವನ್ನಲ್ಲ. ಲಿಸನ್ ಅನ್ನುವುದರ ಆರು ಅಕ್ಷರ ಕಲಸಿದರೆ ಸೈಲೆಂಟ್ ಬರುತ್ತದೆ, ಕಿವಿಗೆ ಇದು ಹೊಳೆಯುವುದೇ ಇಲ್ಲ ಅಲ್ವಾ? ಅದಕ್ಕೇ ಹಳಬರು ಅಕ್ಷರಗಳನ್ನು ದುಂಡಗೆ, ವೃತ್ತದಲ್ಲಿ ಬರೆದುಕೊಳ್ಳುತ್ತಾರೆ. ಹಾಗೆ ಬರೆದರೆ ಹಳೆಯ ಪದದ ಸಾಲು ಕಣ್ಣಿಂದ ಹೋಗುತ್ತದೆ.

ಅಡಗಿದ ಪದದ ಸುಳಿವು ಎಲ್ಲಕ್ಕಿಂತ ಸುಲಭ, ಯಾಕೆಂದರೆ ಉತ್ತರ ಎದುರಿಗೇ ಬಿದ್ದಿರುತ್ತದೆ.

ಆಳಂದ ರಸ್ತೆಯೊಳಗೆ ಬೆಲೆ (2)

ಕಲಬುರಗಿಯವರು ಇದನ್ನು ಓದಿದರೆ ಸೈಟಿನ ರೇಟಿನ ಕಡೆ ತಲೆ ಹೋಗುವುದು ಸಹಜ. ಆಳಂದದ ಕೊನೆ ಅಕ್ಷರ, ರಸ್ತೆಯ ಮೊದಲ ಅಕ್ಷರ ಕೂಡಿಸಿ: ದರ. ಎರಡು ಪದಗಳ ನಡುವಿನ ಖಾಲಿ ಜಾಗವನ್ನು ಮರೆತು ಓದಬೇಕು. "ಒಳಗೆ" ಸೂಚನೆ, ಇಲ್ಲಿ ಅದು ಬೇರೆ ಪದವಾಗಿ ನಿಂತಿಲ್ಲ, ರಸ್ತೆಗೆ ಅಂಟಿಕೊಂಡಿದೆ, ಅದಕ್ಕೇ ಕಣ್ತಪ್ಪುತ್ತದೆ. ಇಂಗ್ಲಿಷ್ ಸುಳಿವುಗಳಲ್ಲಿ ಸಮ್, ಪಾರ್ಟ್ ಆಫ್, ಇನ್‌ಸೈಡ್ ಈ ಕೆಲಸ ಮಾಡುತ್ತವೆ. ಇನ್ ಮಾತ್ರ ಮೋಸಗಾರ. ಒಂದು ಪದವನ್ನು ಇನ್ನೊಂದರ ಹೊಟ್ಟೆಯೊಳಗೆ ತುರುಕು ಅನ್ನಲಿಕ್ಕೂ ಅದನ್ನೇ ಬಳಸುತ್ತಾರೆ.

ಕಲಸುವ ಮಾತೂ ಇಲ್ಲ, ಒಳಗೆ ಅನ್ನುವುದೂ ಇಲ್ಲ, ಸುಳಿವು ಎರಡೇ ಪದ ಅಂದರೆ? ಬಹುತೇಕ ಅದು ಜೋಡಿ ಅರ್ಥದ್ದು.

ಮೇಲೇರಿ ಬೆಳೆ (2)

ಕೇಳಲು ಹಿರಿಯರ ಆಶೀರ್ವಾದದ ಹಾಗಿದೆ. ಇಲ್ಲಿ ಆಟವೇ ಇಲ್ಲ, ಎರಡೂ ತುಂಡು ಅರ್ಥವೇ. "ಬೆಳೆ" ಅಂದ ಕೂಡಲೇ ನಮ್ಮ ಕಡೆಯವರಿಗೆ ತೊಗರಿ ನೆನಪಾಗುತ್ತದೆ, ನಾನೂ ಅದನ್ನೇ ಅಂದೆ. ಆದರೆ ಅದು ಮೂರು ಅಕ್ಷರ, ಜೊತೆಗೆ "ಮೇಲೇರಿ" ಅನ್ನುವುದಕ್ಕೆ ಕೆಲಸವೂ ಸಿಗುವುದಿಲ್ಲ. ಇಲ್ಲಿ ಎರಡು ಪದದ ನಡುವೆ ಗೆರೆ ಎಳೆದು ಎರಡೂ ಕಡೆಗೆ ಒಂದೇ ಪದ ಹುಡುಕಬೇಕು. ಹೊಲದಲ್ಲಿ ಬೆಳೆಯುವಂಥದ್ದು, ಮೆಟ್ಟಿಲನ್ನೂ ಏರಿರಬೇಕು: ಹತ್ತಿ. ಇಂಥ ಸುಳಿವಿಗೆ ಅಕ್ಷರಗಳಿಂದ ಸಹಾಯ ಸಿಗದ ಕಾರಣ ನಾನು ಇವನ್ನು ಕೊನೆಗೆ ಬಿಡುತ್ತೇನೆ. ಅಡ್ಡ ಸಾಲಿನಿಂದ ಒಂದು ಅಕ್ಷರ ಬಂದು ಕೂತರೆ ಅರ್ಧ ಕೆಲಸ ತಾನೇ ಆಗುತ್ತದೆ.