ಬಂಪ್ ಚಾರ್ಟ್: ಶಾಖೆಗಳ ಸ್ಥಾನಪಲ್ಲಟ ಮತ್ತು ಗೆರೆಗಳ ಸಿಕ್ಕು

ಒಂದೇ ಸಂಸ್ಥೆಯ ಹಲವು ಶಾಖೆಗಳನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಒಂದು ಲೆಕ್ಕದ ಪ್ರಕಾರ ಸಾಲಾಗಿ ನಿಲ್ಲಿಸಿ, ಯಾವುದು ಮೊದಲನೆಯದು, ಯಾವುದು ಕೊನೆಯದು ಎಂದು ಗುರುತಿಸಿ, ಆ ಸ್ಥಾನಗಳು ಒಂದು ತ್ರೈಮಾಸಿಕದಿಂದ ಮುಂದಿನದಕ್ಕೆ ಹೇಗೆ ಬದಲಾದವು ಎಂಬುದನ್ನು ಗೆರೆಗಳಲ್ಲಿ ತೋರಿಸುವ ಚಿತ್ರವನ್ನು ಬಂಪ್ ಚಾರ್ಟ್ ಎನ್ನುತ್ತಾರೆ. ಎಡದಿಂದ ಬಲಕ್ಕೆ ತ್ರೈಮಾಸಿಕಗಳು, ಮೇಲಿನಿಂದ ಕೆಳಕ್ಕೆ ಸ್ಥಾನಗಳು. ಪ್ರತಿ ಶಾಖೆಗೂ ಪ್ರತಿ ತ್ರೈಮಾಸಿಕದಲ್ಲಿ ಒಂದು ಚುಕ್ಕೆ ಇರುತ್ತದೆ, ಆ ಚುಕ್ಕೆಗಳನ್ನು ಜೋಡಿಸುವ ಗೆರೆಯೇ ಆ ಶಾಖೆಯ ಕಥೆ. ಒಂದನೆಯ ಸ್ಥಾನ ಮೇಲೆ ಇರಬೇಕು. ಆದರೆ ಎಕ್ಸೆಲ್ ತಾನಾಗಿ ಬಿಡಿಸುವಾಗ ಒಂದನ್ನು ಕೆಳಗಿಡುತ್ತದೆ, ಆಗ ಗೆದ್ದವರು ಬಿದ್ದಂತೆ ಕಾಣುತ್ತಾರೆ. ಲಂಬ ಅಕ್ಷದ ಆಯ್ಕೆಗಳಲ್ಲಿ `Values in reverse order` ಎಂಬುದನ್ನು ಗುರುತು ಮಾಡಿದರೆ ಇದು ಸರಿಹೋಗುತ್ತದೆ.

ಹೆಸರು ಬಂದದ್ದು ಇಂಗ್ಲೆಂಡಿನ ದೋಣಿ ಸ್ಪರ್ಧೆಯಿಂದ. ನಮ್ಮ ಕಾಸರಗೋಡು ಜಿಲ್ಲೆಯ ತೇಜಸ್ವಿನಿ ಹೊಳೆಯಲ್ಲಿ ದೋಣಿಗಳು ಅಕ್ಕಪಕ್ಕದಲ್ಲಿ ಓಡುವುದನ್ನು ಕಂಡವರಿಗೆ ಇದು ವಿಚಿತ್ರವೆನಿಸಬಹುದು, ಏಕೆಂದರೆ ಕೇಂಬ್ರಿಜ್ ಮತ್ತು ಆಕ್ಸ್‌ಫರ್ಡಿನ ಹೊಳೆಗಳಲ್ಲಿ ಹಲವು ದೋಣಿಗಳು ಒಟ್ಟಿಗೆ ಪಕ್ಕಪಕ್ಕದಲ್ಲಿ ಸಾಗುವಷ್ಟು ಅಗಲವಿಲ್ಲ. ಹಾಗಾಗಿ ಅಲ್ಲಿ ದೋಣಿಗಳು ಒಂದರ ಹಿಂದೆ ಒಂದು ನಿಗದಿತ ಅಂತರದಲ್ಲಿ ನಿಂತು ಏಕಕಾಲಕ್ಕೆ ಹೊರಡುತ್ತವೆ. ಹಿಂದಿನ ದೋಣಿ ಮುಂದಿನದನ್ನು ಮುಟ್ಟಿದರೆ ಅದೇ ‘ಬಂಪ್’. ಮರುದಿನ ಆ ಎರಡೂ ತಮ್ಮ ಸ್ಥಾನಗಳನ್ನು ಅದಲುಬದಲು ಮಾಡಿಕೊಂಡು ಹೊರಡುತ್ತವೆ. ಕೆಲವು ದಿನ ನಡೆಯುವ ಈ ಓಟದ ದಾಖಲೆಯನ್ನು ಗೆರೆಗಳಲ್ಲಿ ಬರೆದಿಡುವ ಕ್ರಮವೇ ಮುಂದೆ ಬೇರೆ ಕ್ಷೇತ್ರಗಳಿಗೂ ಹಬ್ಬಿತು. ಒಂದು ವ್ಯತ್ಯಾಸವನ್ನು ಇಲ್ಲಿಯೇ ನೆನಪಿನಲ್ಲಿಟ್ಟುಕೊಳ್ಳಬೇಕು. ದೋಣಿ ಓಟದಲ್ಲಿ ಒಂದು ಸ್ಥಾನ ಮೇಲೇರಬೇಕಾದರೆ ಮುಂದಿನ ದೋಣಿಯನ್ನು ನಿಜವಾಗಿ ಬೆನ್ನಟ್ಟಿ ಹಿಡಿಯಲೇಬೇಕು. ಶಾಖೆಗಳ ಲೆಕ್ಕದಲ್ಲಿ ಒಂದು ರೂಪಾಯಿಯ ಅಂತರದಿಂದಲೂ ಸ್ಥಾನ ಬದಲಾಗಬಹುದು. ಈ ಚಿತ್ರದ ಗೆರೆಗಳು ಸಿಕ್ಕಾಗುವುದರ ಮೂಲ ಬಹುಮಟ್ಟಿಗೆ ಇಲ್ಲಿದೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಸಂಘವೂ ಅಂಕಿಗಳೂ ವಿವರಣೆಗಾಗಿ ನಾನು ಕಟ್ಟಿಕೊಂಡವು, ಶಾಖೆಗಳಿಗೆ ಮಾತ್ರ ಪರಿಚಯದ ಊರುಗಳ ಹೆಸರನ್ನು ಇಟ್ಟಿದ್ದೇನೆ. ಎಂಟು ಶಾಖೆಗಳ ಒಂದು ಸಹಕಾರಿ ಸಂಘ ಪ್ರತಿ ತ್ರೈಮಾಸಿಕದಲ್ಲಿ ಬಂದ ಹೊಸ ಠೇವಣಿಯ ಮೇಲೆ ಸ್ಥಾನ ಕೊಡುತ್ತದೆ ಎಂದಿಟ್ಟುಕೊಳ್ಳಿ. ಏಪ್ರಿಲ್‌ನಿಂದ ಜೂನ್‌ವರೆಗೆ ಕುಂಬಳೆಗೆ 96 ಲಕ್ಷ, ಉಪ್ಪಳಕ್ಕೆ 81 ಲಕ್ಷ ಬಂದಿದೆ. ಆಮೇಲೆ ಬದಿಯಡ್ಕ 64, ಮಂಜೇಶ್ವರ 63, ಪೆರ್ಲ 62, ಮುಳ್ಳೇರಿಯ 61. ಕೊನೆಯಲ್ಲಿ ಪೈವಳಿಕೆ 45, ಅಡೂರು 30. ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಲೆಕ್ಕದಲ್ಲಿ ಮೊದಲ ಎರಡು ಮತ್ತು ಕೊನೆಯ ಎರಡು ಶಾಖೆಗಳು ಹೆಚ್ಚುಕಡಿಮೆ ಹಾಗೆಯೇ ಇವೆ. ನಡುವಿನ ನಾಲ್ಕರಲ್ಲಿ ಮಾತ್ರ ಮುಳ್ಳೇರಿಯ 65ಕ್ಕೆ ಏರಿದೆ, ಪೆರ್ಲ 64, ಮಂಜೇಶ್ವರ 63, ಬದಿಯಡ್ಕ 62.

ಇದನ್ನು ಬಿಡಿಸಿದರೆ ಕಾಣುವ ಚಿತ್ರ ಹೀಗಿದೆ: ಮೇಲೆ ಎರಡು ನೇರ ಗೆರೆಗಳು, ಕೆಳಗೆ ಎರಡು ನೇರ ಗೆರೆಗಳು, ನಡುವೆ ನಾಲ್ಕು ಗೆರೆಗಳ ಗಂಟು. ನಡುವಿನ ನಾಲ್ಕರ ಕ್ರಮ ಪೂರ್ತಿ ತಿರುಗಿದೆ. ನಾಲ್ಕು ಗೆರೆಗಳಲ್ಲಿ ಆರು ಜೋಡಿಗಳಿವೆ, ಆರೂ ಜೋಡಿಗಳು ಒಂದನ್ನೊಂದು ದಾಟಿವೆ. ಸ್ಥಾನಗಳ ನಡುವಿನ ಅಂತರ ಸಮನಾಗಿರುವುದರಿಂದ, ನೇರ ಗೆರೆಗಳನ್ನು ಎಳೆದಾಗ ಈ ಆರು ದಾಟುಗಳೂ ಎರಡು ತ್ರೈಮಾಸಿಕಗಳ ಸರಿಯಾಗಿ ನಟ್ಟನಡುವೆ ಒಂದೇ ಬಿಂದುವಿನಲ್ಲಿ ಬೀಳುತ್ತವೆ. ನಾಲ್ಕು ಗೆರೆಗಳು ಒಂದು ಚುಕ್ಕೆಯೊಳಗೆ ಹೋಗಿ ಆ ಕಡೆ ನಾಲ್ಕಾಗಿ ಹೊರಬಂದರೆ, ಯಾವುದು ಯಾವುದಾಗಿ ಬಂತು ಎಂದು ಕಣ್ಣಿಗೆ ಗೊತ್ತಾಗಬೇಕಾದರೆ ಬಣ್ಣವೊಂದೇ ಆಧಾರ. ಕಪ್ಪುಬಿಳುಪಿನಲ್ಲಿ ಮುದ್ರಿಸಿ ಸಭೆಯಲ್ಲಿ ಹಂಚಿದರೆ ಆ ಆಧಾರವೂ ಹೋಯಿತು. ಅಂಥ ಹಾಳೆಯನ್ನು ಕೈಯಲ್ಲಿ ಹಿಡಿದು, ತಮ್ಮ ಶಾಖೆಯ ಗೆರೆಯನ್ನು ಬೆರಳಿನಿಂದ ಹಿಂಬಾಲಿಸಲು ಯತ್ನಿಸಿ, ಕೊನೆಗೆ ಪಕ್ಕದ ಶಾಖೆಯ ಸ್ಥಾನವನ್ನು ತಮ್ಮದೆಂದು ಓದಿದವರನ್ನು ನಾನು ಕಂಡಿದ್ದೇನೆ. ತಪ್ಪು ಅವರದಲ್ಲ.

ಇನ್ನು ಅಂಕಿಗಳ ಕಡೆಗೆ ಮರಳಿ ಬನ್ನಿ. ಬದಿಯಡ್ಕ ಮೂರನೆಯ ಸ್ಥಾನದಿಂದ ಆರಕ್ಕೆ ಇಳಿದಿದೆ. ಚಿತ್ರದಲ್ಲಿ ಇದಕ್ಕಿಂತ ಕಡಿದಾದ ಇಳಿಜಾರು ಬೇರೊಂದಿಲ್ಲ. ಆದರೆ ಆ ಶಾಖೆಯ ಠೇವಣಿ ಕಡಿಮೆಯಾದದ್ದು 64ರಿಂದ 62ಕ್ಕೆ, ಎಂದರೆ ಎರಡು ಲಕ್ಷ ಮಾತ್ರ. ಒಬ್ಬ ಗ್ರಾಹಕರು ತಮ್ಮ ಹಣವನ್ನು ಸೆಪ್ಟೆಂಬರ್ 30ರ ಬದಲು ಅಕ್ಟೋಬರ್ 3ರಂದು ತಂದರೂ ಅಷ್ಟು ವ್ಯತ್ಯಾಸವಾಗುತ್ತದೆ. ಮುಂದಿನ ತ್ರೈಮಾಸಿಕದಲ್ಲಿ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಪೈವಳಿಕೆಯ ಠೇವಣಿ 46ರಿಂದ 58 ಲಕ್ಷಕ್ಕೆ ಏರಿತು ಎಂದುಕೊಳ್ಳೋಣ. ಹನ್ನೆರಡು ಲಕ್ಷದ ಏರಿಕೆ ಸಣ್ಣ ಶಾಖೆಯೊಂದಕ್ಕೆ ಸಾಮಾನ್ಯವಾದುದಲ್ಲ. ಆದರೂ ನಡುವಿನ ನಾಲ್ಕು ಶಾಖೆಗಳಲ್ಲಿ ಎಲ್ಲಕ್ಕಿಂತ ಕಡಿಮೆಯದು ಆಗ 62 ಲಕ್ಷದಲ್ಲಿರುವುದರಿಂದ ಪೈವಳಿಕೆ ಏಳನೆಯ ಸ್ಥಾನದಲ್ಲಿಯೇ ಉಳಿಯುತ್ತದೆ, ಅದರ ಗೆರೆ ಕದಲುವುದೇ ಇಲ್ಲ. ಎರಡು ಲಕ್ಷದ ಏರಿಳಿತ ಬೆಟ್ಟದಂತೆ, ಹನ್ನೆರಡು ಲಕ್ಷದ ದುಡಿಮೆ ಬಯಲಿನಂತೆ ಕಾಣುವ ಚಿತ್ರ ಇದು. ಚಿತ್ರ ಸುಳ್ಳು ಹೇಳಿಲ್ಲ. ಅದು ಸ್ಥಾನವನ್ನು ಮಾತ್ರ ಹೇಳುತ್ತದೆ, ಅಂತರವನ್ನು ಹೇಳುವುದಿಲ್ಲ. ಓದುವವರು ಅಂತರವನ್ನೂ ಹೇಳುತ್ತಿದೆ ಎಂದು ತಿಳಿದುಕೊಳ್ಳುತ್ತಾರೆ.

ಹಾಗಾದರೆ ಸಿಕ್ಕು ಯಾವಾಗಲೂ ನಡುವೆಯೇ ಏಕೆ ಬೀಳುತ್ತದೆ? ಹೆಚ್ಚಿನ ಸಂಸ್ಥೆಗಳಲ್ಲಿ ತೀರ ದೊಡ್ಡ ಶಾಖೆಗಳೂ ತೀರ ಸಣ್ಣ ಶಾಖೆಗಳೂ ಕೆಲವೇ ಇರುತ್ತವೆ, ಉಳಿದವು ಮಧ್ಯಮ ಗಾತ್ರದವು. ಮಧ್ಯದಲ್ಲಿ ಮೌಲ್ಯಗಳು ಒತ್ತೊತ್ತಾಗಿ ನಿಂತಿರುವುದರಿಂದ ಅಲ್ಲಿ ಅಲ್ಪ ಅಲುಗಾಟಕ್ಕೂ ಸ್ಥಾನ ಬದಲಾಗುತ್ತದೆ. ಆದ್ದರಿಂದ ಸಿಕ್ಕು ಬಿದ್ದ ಜಾಗವನ್ನು ಕಂಡಾಗ, ಅಲ್ಲಿ ದೊಡ್ಡ ಪೈಪೋಟಿ ನಡೆದಿದೆ ಎಂದು ಭಾವಿಸುವ ಮೊದಲು, ಅಲ್ಲಿನ ಶಾಖೆಗಳ ನಡುವೆ ವ್ಯತ್ಯಾಸವೇ ಇಲ್ಲದಿರಬಹುದೇ ಎಂದು ಕೇಳಿಕೊಳ್ಳಬೇಕು. ನನ್ನ ಅನುಭವದಲ್ಲಿ ಎರಡನೆಯದೇ ಹೆಚ್ಚು ಸಲ ಸರಿಯಾದ ಉತ್ತರ.

ಸಿಕ್ಕನ್ನು ಅಳೆಯುವ ಒಂದು ಸರಳ ದಾರಿಯೂ ಇದೆ. ಎರಡು ಅಕ್ಕಪಕ್ಕದ ತ್ರೈಮಾಸಿಕಗಳ ನಡುವೆ ಎಷ್ಟು ಜೋಡಿ ಗೆರೆಗಳು ದಾಟಿವೆ ಎಂದು ಎಣಿಸಿ. ಎಂಟು ಶಾಖೆಗಳಿದ್ದರೆ ಒಟ್ಟು 28 ಜೋಡಿಗಳು, ಶಾಖೆಗಳು ಹನ್ನೆರಡಾದರೆ 66. ಸ್ಥಾನಗಳನ್ನು ಚೀಟಿ ಎತ್ತಿ ಹಂಚಿದರೂ ಸರಾಸರಿ ಅರ್ಧದಷ್ಟು ಜೋಡಿಗಳು ದಾಟುತ್ತವೆ. ಸಂಖ್ಯಾಶಾಸ್ತ್ರಜ್ಞ ಮಾರಿಸ್ ಕೆಂಡಾಲ್ 1938ರಲ್ಲಿ ಮಂಡಿಸಿದ, ಎರಡು ಶ್ರೇಣಿಗಳ ಹೊಂದಾಣಿಕೆಯನ್ನು ಅಳೆಯುವ ‘ಟೌ’ ಎಂಬ ಮಾನದ ತಿರುಳು ಇದೇ ಎಣಿಕೆ. ನಮ್ಮ ಉದಾಹರಣೆಯಲ್ಲಿ ಮೊದಲ ಎರಡು ತ್ರೈಮಾಸಿಕಗಳ ನಡುವೆ 28ರಲ್ಲಿ 6 ಜೋಡಿಗಳು ಮಾತ್ರ ದಾಟಿವೆ, ಒಟ್ಟಾರೆ ನೋಡಿದರೆ ಕ್ರಮ ಸ್ಥಿರವಾಗಿದೆ ಎನಿಸುತ್ತದೆ. ಆದರೆ ಆ ಆರೂ ನಡುವಿನ ನಾಲ್ಕು ಶಾಖೆಗಳಲ್ಲಿಯೇ ಇವೆ, ಉಳಿದ 22 ಜೋಡಿಗಳಲ್ಲಿ ಒಂದೂ ದಾಟಿಲ್ಲ. ಆದ್ದರಿಂದ ಒಟ್ಟು ಎಣಿಕೆಯೊಂದೇ ಸಾಲದು, ದಾಟುಗಳು ಎಲ್ಲಿ ಗುಂಪುಗೂಡಿವೆ ಎಂಬುದನ್ನೂ ನೋಡಬೇಕು. ಚಿತ್ರದ ಉದ್ದಗಲಕ್ಕೂ ಅರ್ಧದ ಹತ್ತಿರ ಜೋಡಿಗಳು ದಾಟುತ್ತಿದ್ದರೆ ಆ ಲೆಕ್ಕಕ್ಕೆ ಬಂಪ್ ಚಾರ್ಟ್ ತಕ್ಕದ್ದಲ್ಲ. ಅಲ್ಲಿ ಹಿಂಬಾಲಿಸಬಹುದಾದ ಕಥೆ ಇರುವುದಿಲ್ಲ.

ಬೇರೆ ಕೆಲವು ಬಗೆಯ ಚಿತ್ರಗಳಲ್ಲಿ ವಸ್ತುಗಳ ಕ್ರಮವನ್ನು ಹಿಂದುಮುಂದು ಮಾಡಿ ದಾಟುಗಳನ್ನು ಕಡಿಮೆ ಮಾಡಬಹುದು. ಬಂಪ್ ಚಾರ್ಟಿನಲ್ಲಿ ಅದು ಸಾಧ್ಯವಿಲ್ಲ, ಏಕೆಂದರೆ ಇಲ್ಲಿ ಕ್ರಮವೇ ಮಾಹಿತಿ. ಗೆರೆಗಳನ್ನು ಅಲೆಯಂತೆ ಬಾಗಿಸಿದರೆ ಅಂದವಾಗುತ್ತದೆ ನಿಜ, ಆದರೆ ದಾಟುಗಳ ಸಂಖ್ಯೆ ಅಷ್ಟೇ ಉಳಿಯುತ್ತದೆ. ಬಾಗಿದ ಗೆರೆಗಳು ಚುಕ್ಕೆಗಳ ಬಳಿ ಮಟ್ಟಸವಾಗಿದ್ದು ನಡುವೆ ಒಮ್ಮೆಗೇ ಕಡಿದಾಗುವುದರಿಂದ ಎಲ್ಲ ದಾಟುಗಳೂ ಒಂದು ಕಿರಿದಾದ ಪಟ್ಟಿಯೊಳಗೆ ಒತ್ತಿಕೊಳ್ಳುತ್ತವೆ. ಚಿತ್ರವನ್ನು ಎತ್ತರ ಮಾಡುವುದು ಇದಕ್ಕಿಂತ ಉಪಯುಕ್ತ. ಗೆರೆಗಳು ಓರೆಕೋರೆಯಾಗಿ, ಅತಿ ಕಿರಿದಾದ ಕೋನದಲ್ಲಿ ದಾಟಿದಾಗ ಕಣ್ಣು ದಾರಿ ತಪ್ಪುತ್ತದೆ, ಕೋನ ಅಗಲವಾದಷ್ಟೂ ಹಿಂಬಾಲಿಸುವುದು ಸುಲಭ.

ಕೆಲವು ಸಿಕ್ಕುಗಳನ್ನು ಲೆಕ್ಕ ಹಾಕುವವರೇ ತಂದುಕೊಂಡಿರುತ್ತಾರೆ. ಎರಡು ಶಾಖೆಗಳ ಮೊತ್ತ ಸಮನಾದರೆ, ಸ್ಥಾನವನ್ನು ಲೆಕ್ಕ ಹಾಕುವ ಎಕ್ಸೆಲ್ ಸೂತ್ರ `RANK.EQ` ಎರಡಕ್ಕೂ ಒಂದೇ ಸ್ಥಾನ ಕೊಟ್ಟು ಮುಂದಿನ ಸಂಖ್ಯೆಯನ್ನು ಬಿಟ್ಟುಬಿಡುತ್ತದೆ, ಆಗ ಎರಡು ಗೆರೆಗಳು ಒಂದೇ ಚುಕ್ಕೆಯ ಮೇಲೆ ಬೀಳುತ್ತವೆ. ಸಮ ಬಂದಾಗ ಹಿಂದಿನ ತ್ರೈಮಾಸಿಕದಲ್ಲಿ ಮುಂದಿದ್ದ ಶಾಖೆಯನ್ನೇ ಮುಂದಿಡುವ ನಿಯಮವನ್ನು ಪಾಲಿಸಿದರೆ ಅನಗತ್ಯ ದಾಟು ತಪ್ಪುತ್ತದೆ. ಇನ್ನೊಂದು, ಹೊಸ ಶಾಖೆಯದು. ಮೂರನೆಯ ತ್ರೈಮಾಸಿಕದಲ್ಲಿ ನೀರ್ಚಾಲಿನಲ್ಲಿ ಶಾಖೆ ತೆರೆದು ಅದು ನೇರವಾಗಿ ಮೂರನೆಯ ಸ್ಥಾನಕ್ಕೆ ಬಂದರೆ, ಅದರ ಕೆಳಗಿನ ಆರು ಶಾಖೆಗಳ ಗೆರೆಗಳೂ ಒಟ್ಟಿಗೆ ಒಂದು ಮೆಟ್ಟಿಲು ಇಳಿಯುತ್ತವೆ. ಆ ಶಾಖೆಗಳಲ್ಲಿ ಏನೂ ಕೆಟ್ಟಿರುವುದಿಲ್ಲ. ಇಂಥ ಕಡೆ ಲಂಬವಾಗಿ ಒಂದು ತೆಳು ಗೆರೆ ಎಳೆದು ‘ಹೊಸ ಶಾಖೆ ಸೇರಿದೆ’ ಎಂದು ಬರೆಯಲೇಬೇಕು. ಋತುವಿನ ಪರಿಣಾಮವನ್ನೂ ಮರೆಯಬಾರದು. ಅಡಿಕೆ ತೋಟಗಳ ನಡುವಿನ ಶಾಖೆಗೆ ಹಣ ಬರುವ ಕಾಲವೂ ಕರಾವಳಿಯ ಪೇಟೆಯ ಶಾಖೆಗೆ ಬರುವ ಕಾಲವೂ ಒಂದೇ ಅಲ್ಲವಾದ್ದರಿಂದ, ವರ್ಷವರ್ಷವೂ ಅದೇ ತಿಂಗಳುಗಳಲ್ಲಿ ಅವು ಸ್ಥಾನ ಬದಲಿಸಿಕೊಳ್ಳಬಹುದು. ಅದನ್ನು ತಿಳಿಯಬೇಕಾದರೆ ಹಲವು ವರ್ಷಗಳ ಒಂದೇ ತ್ರೈಮಾಸಿಕವನ್ನು ಮಾತ್ರ ತೆಗೆದು ಬೇರೆಯಾಗಿ ಬಿಡಿಸಬೇಕು.

ಈಗ ಆ ಎಂಟು ಶಾಖೆಗಳ ಚಿತ್ರವನ್ನು ಹೇಗೆ ತಿದ್ದಬಹುದು? ಮೊದಲು, ಎಷ್ಟು ಲಕ್ಷದೊಳಗಿನ ಅಂತರವನ್ನು ಅಂತರವೇ ಅಲ್ಲ ಎಂದು ಪರಿಗಣಿಸಬಹುದು ಎಂಬುದನ್ನು ಸಂಘದವರು ತಾವೇ ತೀರ್ಮಾನಿಸಬೇಕು. ಇದಕ್ಕೆ ಸೂತ್ರವಿಲ್ಲ, ಒಬ್ಬಿಬ್ಬರು ಗ್ರಾಹಕರ ಠೇವಣಿಯಿಂದ ಎಷ್ಟು ಏರುಪೇರಾಗುತ್ತದೆ ಎಂಬ ಅನುಭವವೇ ಅಳತೆಗೋಲು. ಐದು ಲಕ್ಷ ಎಂದು ಇಟ್ಟರೆ, ನಡುವಿನ ನಾಲ್ಕು ಶಾಖೆಗಳು ಒಂದೇ ಮೆಟ್ಟಿಲಿನಲ್ಲಿವೆ ಎಂದಾಗುತ್ತದೆ. ಅವುಗಳನ್ನು ನಾಲ್ಕು ಗೆರೆಗಳಾಗಿ ಎಳೆಯುವ ಬದಲು ಮೂರರಿಂದ ಆರನೆಯ ಸ್ಥಾನದವರೆಗೆ ಹರಡಿದ ಒಂದು ಬೂದು ಪಟ್ಟಿಯಾಗಿ ತೋರಿಸಿ, ಅದರೊಳಗೆ ನಾಲ್ಕು ಊರುಗಳ ಹೆಸರನ್ನು ಬರೆಯುವುದು ಪ್ರಾಮಾಣಿಕವಾದ ಕೆಲಸ. ಪಟ್ಟಿ ಬೇಡವೆನ್ನುವವರು ಎಲ್ಲ ಗೆರೆಗಳನ್ನೂ ಮಸುಕಾದ ಬೂದಿನಲ್ಲಿ ಎಳೆದು, ಸಭೆಯಲ್ಲಿ ಚರ್ಚೆಗೆ ಬರಲಿರುವ ಒಂದೆರಡನ್ನು ಮಾತ್ರ ಗಾಢ ಬಣ್ಣದಲ್ಲಿ ಎತ್ತಿ ತೋರಿಸಬಹುದು. ಪ್ರತಿ ಶಾಖೆಯವರೂ ತಮ್ಮ ಗೆರೆಯನ್ನು ನೋಡಬೇಕಾದಲ್ಲಿ ಎಂಟು ಸಣ್ಣ ಚಿತ್ರಗಳನ್ನು ಮಾಡಿ, ಪ್ರತಿಯೊಂದರಲ್ಲಿಯೂ ಒಂದೇ ಗೆರೆಗೆ ಬಣ್ಣ ಕೊಡುವುದು ಉತ್ತಮ. ಹೆಸರುಗಳನ್ನು ಬದಿಯ ಪೆಟ್ಟಿಗೆಯಲ್ಲಿ ಪಟ್ಟಿ ಮಾಡದೆ ಗೆರೆಯ ಎರಡೂ ತುದಿಗಳಲ್ಲಿ ಬರೆಯಬೇಕು.

ಗೆರೆಯ ತುದಿಯಲ್ಲಿ ಹೆಸರಿನ ಪಕ್ಕದಲ್ಲಿಯೇ ಮೊತ್ತವನ್ನೂ ಬರೆದರೆ ಈ ಚಿತ್ರದ ದೊಡ್ಡ ಕೊರತೆ ಅರ್ಧದಷ್ಟು ನೀಗುತ್ತದೆ. ವರ್ಷದ ಕೊನೆಯ ತ್ರೈಮಾಸಿಕದಲ್ಲಿ ಪೈವಳಿಕೆಗೆ 61 ಲಕ್ಷ ಬಂದು, ನಡುವಿನ ನಾಲ್ಕರಲ್ಲಿ ಕಡೆಯದಾದ ಮಂಜೇಶ್ವರ 64 ಲಕ್ಷದಲ್ಲಿದ್ದರೆ, ಪೈವಳಿಕೆಯ ಗೆರೆ ಆಗಲೂ ಏಳನೆಯ ಸ್ಥಾನದಲ್ಲಿ ನೇರವಾಗಿಯೇ ಇರುತ್ತದೆ. ಆದರೆ ಅದರ ಎಡ ತುದಿಯಲ್ಲಿ 45, ಬಲ ತುದಿಯಲ್ಲಿ 61 ಎಂದಿರುತ್ತದೆ. ಆರನೆಯ ಸ್ಥಾನದೊಂದಿಗಿನ ಅಂತರ 16 ಲಕ್ಷದಿಂದ 3 ಲಕ್ಷಕ್ಕೆ ಇಳಿದಿದೆ ಎಂಬುದು ಆ ಸಂಖ್ಯೆಗಳನ್ನು ನೋಡಿದವರಿಗೆ ತಿಳಿಯುತ್ತದೆ, ಮುಂದಿನ ಜೂನ್ ಹೊತ್ತಿಗೆ ಅದೂ ಆ ಬೂದು ಪಟ್ಟಿಯೊಳಗೆ ಸೇರಬಹುದೆಂಬುದೂ ಕಾಣುತ್ತದೆ.